ಅಜ್ಜಿಯ ಹೊಲಿಗೆ ಮಷಿನ್ ಎಷ್ಟು ಹಳೇದು? ಚಕ್ರ ಒಂದು ಹೇಳುತ್ತೆ, ಮೈ ಇನ್ನೊಂದು

ನೂಲೆಳೆ
ಅಜ್ಜಿಯ ಹೊಲಿಗೆ ಮಷಿನ್ ಈಗ ನನ್ನ ಪಾಲಿಗೆ ಬಂದಿದೆ. ಕೈಯಲ್ಲಿ ತಿರುಗಿಸುವಂಥದ್ದು, ಮರದ ಪೆಟ್ಟಿಗೆಯ ಮೇಲೆ ಕೂತಿದೆ. ತೋಳಿನ ಮೇಲೆ ಚಿನ್ನದ ಬಣ್ಣದಲ್ಲಿ ಸಿಂಗರ್ ಅಂತ ಇತ್ತು ಅನ್ನಿಸುತ್ತದೆ, ಈಗ ಮೊದಲಿನ ಎರಡು ಅಕ್ಷರ ಮಾತ್ರ ಕಾಣುತ್ತವೆ. ಕಂಬದ ಮೇಲೆ ಹಿತ್ತಾಳೆ ಬಿಲ್ಲೆ ಇರಬೇಕಾದ ಜಾಗದಲ್ಲಿ ಎರಡು ಸಣ್ಣ ತೂತು ಅಷ್ಟೇ.

ಮನೆಯಲ್ಲಿ ಎಲ್ಲರೂ "ನೂರೈವತ್ತು ವರ್ಷದ್ದು" ಅನ್ನುತ್ತಾರೆ. ಅಮ್ಮ ಮಾತ್ರ, ತಾನು ಚಿಕ್ಕವಳಿದ್ದಾಗ ಇದನ್ನು ಕಾಲಲ್ಲಿ ತುಳಿಯುತ್ತಿದ್ದರು ಅನ್ನುತ್ತಾಳೆ. ಕಾಲಲ್ಲಿ ತುಳಿಯುತ್ತಿದ್ದ ಮಷಿನ್ ಕೈ ಮಷಿನ್ ಆಗೋದು ಹೇಗೆ? ಚಕ್ರಕ್ಕೆ ಕಡ್ಡಿಗಳಿವೆ, ಗಾಡಿ ಚಕ್ರದ ಹಾಗೆ. ಇದರಿಂದ ವಯಸ್ಸು ಗೊತ್ತಾಗುತ್ತಾ?

ಶಟಲ್ ಸುಬ್ಬು
ಗೊತ್ತಾಗುತ್ತೆ ಮೇಡಂ. ಕಡ್ಡಿ ಚಕ್ರ ಅಂದರೆ 1900ಕ್ಕಿಂತ ಮುಂಚಿನದು. ಆಮೇಲೆ ಎಲ್ಲಾ ತುಂಬಿದ ಚಕ್ರ, ನಡುವೆ ಖಾಲಿ ಇಲ್ಲದ್ದು. ನಿಮ್ಮ ಮನೆಯವರು ಹೇಳೋದು ಹೆಚ್ಚುಕಡಿಮೆ ಸರಿ.

ಎಣ್ಣೆಡಬ್ಬಿ
ಸುಬ್ಬು, ಅಷ್ಟು ಬೇಗ ಬೇಡ. ಕಡ್ಡಿ ಚಕ್ರ ವಯಸ್ಸು ಹೇಳುವುದಿಲ್ಲ, ಮಷಿನನ್ನು ಹೇಗೆ ಓಡಿಸುತ್ತಿದ್ದರು ಅನ್ನೋದನ್ನ ಹೇಳುತ್ತೆ. ಕೈ ಹ್ಯಾಂಡಲಿನ ತುದಿಯಲ್ಲಿ ಒಂದು ಬೆರಳಿನಂಥ ತುಂಡು ಇರುತ್ತದಲ್ಲ, ಅದು ಎರಡು ಕಡ್ಡಿಗಳ ನಡುವೆ ಹೊಕ್ಕು ಚಕ್ರವನ್ನು ತಳ್ಳಬೇಕು. ತುಂಬಿದ ಚಕ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಅದಕ್ಕೇ 1950ರ ದಶಕದ ಕೈ ಮಷಿನ್‌ಗಳಲ್ಲೂ ಕಡ್ಡಿ ಚಕ್ರ ಇದೆ. ಅದೇ ಕಾಲದ ಮೋಟಾರಿನ ಮಷಿನ್‌ಗೆ ತುಂಬಿದ ಚಕ್ರ.

ಇನ್ನೊಂದು ಮಾತು. ಹಳೇ ಮಷಿನ್‌ನಲ್ಲಿ ಅತಿ ಸುಲಭವಾಗಿ ಬದಲಾಗುವ ಭಾಗವೇ ಚಕ್ರ. ಬಿದ್ದರೆ ಮೊದಲು ಒಡೆಯೋದು ಅದೇ. ಎರಕದ ಕಬ್ಬಿಣ, ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಯಾವುದೋ ಸತ್ತ ಮಷಿನ್‌ನಿಂದ ಬಿಚ್ಚಿ ಇದಕ್ಕೆ ಹಾಕುತ್ತಾರೆ. ಆದರೆ ಮೈಯನ್ನು ಯಾರೂ ಬದಲಿಸೋಕೆ ಆಗಲ್ಲ, ಮೈ ಬದಲಿಸಿದರೆ ಅದು ಬೇರೆ ಮಷಿನ್ನೇ. ಹಾಗಾಗಿ ಮೈಯಿಂದ ಶುರು ಮಾಡಿ, ಚಕ್ರವನ್ನು ಕೊನೆಗೆ ನೋಡೋಣ.

ನೂಲೆಳೆ ಅಮ್ಮ, ಮೂರು ವಿಷಯ ಹೇಳಿ. ತಳದ ಉದ್ದ ಎಷ್ಟು? ಮೂಲೆಗಳು ನೇರವಾಗಿವೆಯಾ, ಅಥವಾ ತಳ ಪಿಟೀಲಿನ ಹಾಗೆ ಸೊಂಟದಲ್ಲಿ ಒಳಗೆ ಬಾಗಿದೆಯಾ? ಸೂಜಿಯ ಹತ್ತಿರ ಎಳೆದು ತೆಗೆಯುವ ಉಕ್ಕಿನ ತಟ್ಟೆ ಒಂದಾ, ಎರಡಾ? ತೆಗೆದರೆ ಒಳಗೆ ಏನಿದೆ?

ಮಿಣುಕು
ಚಕ್ರ ಹಳೇದಾದರೆ ಬಿಡಿ. ಈಗ ಸಣ್ಣ ಮೋಟಾರ್ ಸಿಗುತ್ತೆ, ಕಂಬದ ಹಿಂದೆ ಬೋಲ್ಟ್ ಹಾಕಿದರೆ ಮುಗೀತು. ನಾನು ಹಾಗೇ ಮಾಡಿದ್ದೀನಿ, ಚೆನ್ನಾಗಿ ಓಡ್ತಾ ಇದೆ.

ನೂಲೆಳೆ
ಮಿಣುಕು ಅವರೇ, ಮೋಟಾರ್ ಬೇಡ, ವಯಸ್ಸು ಬೇಕು :)

ಎಣ್ಣೆಡಬ್ಬಿ ಸರ್, ಟೇಪ್ ಹಿಡಿದು ನೋಡಿದೆ. ಉದ್ದ ಸುಮಾರು 37 ಸೆಂಟಿಮೀಟರ್, ಅಗಲ 18ರ ಹತ್ತಿರ. ತಳ ಚೌಕ, ಮೂಲೆ ಮಾತ್ರ ಸ್ವಲ್ಪ ದುಂಡು. ತಟ್ಟೆ ಎರಡಿವೆ, ಒಂದು ನನ್ನ ಕಡೆಗೆ ಬರುತ್ತೆ, ಒಂದು ಹಿಂದಕ್ಕೆ ಹೋಗುತ್ತೆ. ಒಳಗೆ ದೋಣಿಯ ಹಾಗೆ ಒಂದು ಮೊನಚಾದ ತುಂಡು, ಅದರ ಹೊಟ್ಟೆಯಲ್ಲಿ ಉದ್ದನೆಯ ತೆಳು ಬಾಬಿನ್. ಚಕ್ರ ತಿರುಗಿಸಿದರೆ ಆ ದೋಣಿ ಹಿಂದೆ ಮುಂದೆ ತೂಗುತ್ತೆ.

ಇನ್ನೊಂದು, ನಂಬರ್ ಸಿಕ್ಕಿತು! ಮಗುಚಿ ನೋಡಿದರೆ ಕೆಳಗಿನ ಒಂದು ಕಬ್ಬಿಣದ ತೋಳಿನ ಮೇಲೆ ಐದಂಕಿ ನಂಬರ್ ಇದೆ. ಇಷ್ಟು ಚಿಕ್ಕ ನಂಬರ್ ಅಂದರೆ ತುಂಬಾ ಹಳೇದು ತಾನೇ?

ಎಣ್ಣೆಡಬ್ಬಿ
ಅಯ್ಯೋ, ಅದು ಮಷಿನ್ ನಂಬರ್ ಅಲ್ಲಮ್ಮ. ಕೆಳಗೆ ಪ್ರತಿ ತುಂಡಿಗೂ ಅದರದೇ ನಂಬರ್ ಹಾಕಿರುತ್ತಾರೆ, ಬಿಡಿಭಾಗ ತರಿಸೋಕೆ. ಅದೇ ನಂಬರ್ ಲಕ್ಷಾಂತರ ಮಷಿನ್‌ಗಳ ಹೊಟ್ಟೆಯಲ್ಲಿ ಇದೆ. ಸುಮಾರು ಜನ ಇಲ್ಲೇ ಎಡವುತ್ತಾರೆ.

ಮಷಿನ್ ನಂಬರ್ ಮೇಲ್ಗಡೆ ಇರುತ್ತೆ. ಬಲಗಡೆ, ಕಂಬದ ಬುಡದಲ್ಲಿ, ತಳದ ಮೇಲೆ. ಸಾಮಾನ್ಯವಾಗಿ ಅಲ್ಲೊಂದು ಸಣ್ಣ ಉಬ್ಬು ಇರುತ್ತೆ, ಅದರ ಮೇಲೆ ಒತ್ತಿರುತ್ತಾರೆ. ಅಂಟಿದ ಎಣ್ಣೆಯ ಕೊಳೆಯಲ್ಲಿ ಮುಚ್ಚಿರಬಹುದು. ಬಟ್ಟೆಗೆ ಮಷಿನ್ ಎಣ್ಣೆಯನ್ನೇ ಹಚ್ಚಿ ಮೆಲ್ಲಗೆ ಒರೆಸಿ. ಸ್ಪಿರಿಟ್ ಬೇಡ, ಚಿನ್ನದ ಚಿತ್ರ ಅದರ ಜೊತೆ ಎದ್ದು ಬರುತ್ತೆ. ಕತ್ತಲೆ ಮಾಡಿ ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಬಿಡಿ, ಅಕ್ಷರಗಳ ನೆರಳು ಬೀಳುತ್ತೆ.

ಅಷ್ಟರಲ್ಲಿ ನೀವು ಹೇಳಿದ್ದರಿಂದ ಇಷ್ಟು ಗೊತ್ತಾಯ್ತು. ಪಿಟೀಲು ತಳ ಅಲ್ಲ, ಹಾಗಾಗಿ ಸಿಂಗರ್ 12ರ ಥರದ ತುಂಬಾ ಹಳೇ ಕುಟುಂಬ ಅಲ್ಲ. 37 ಸೆಂಟಿಮೀಟರ್ ಅಂದರೆ ಪೂರಾ ಅಳತೆಯದು. ಮುಕ್ಕಾಲು ಅಳತೆಯದಾಗಿದ್ದರೆ 31ರ ಸುಮಾರು ಇರ್ತಿತ್ತು. ಎರಡು ತಟ್ಟೆ, ತೂಗುವ ದೋಣಿ ಶಟಲ್. ಇದು ಸಿಂಗರ್‌ನ 27 ಅಥವಾ 127 ಮಾದರಿ. ಇವೆರಡರ ನಡುವೆ ಯಾವುದು ಅನ್ನೋಕೆ ಶಟಲನ್ನೇ ಕೇಳಬೇಕು. ಶಟಲಿನ ಪಕ್ಕ ಬೆರಳಲ್ಲಿ ಒತ್ತಿದರೆ ಅದು ತಾನಾಗಿ ಮೇಲೆ ಚಿಮ್ಮುತ್ತಾ? ಇಲ್ಲ, ಉಗುರು ಹಾಕಿ ಎಬ್ಬಿಸಬೇಕಾ? ಮತ್ತೆ ಬಾಬಿನ್ ಸುತ್ತುವ ಸಾಧನ ಎಲ್ಲಿದೆ? ಕೆಳಗೆ, ತಳದ ಹತ್ತಿರವಾ? ಮೇಲೆ, ಚಕ್ರದ ಪಕ್ಕದಲ್ಲಾ?

ಗುಂಡುಸೂಜಿ
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನ್ನ ಹತ್ತಿರವೂ ಒಂದು ಕಪ್ಪು ಮಷಿನ್ ಇದೆ, ಪೆಡಲಿನದು. ಆಕಾರ ಸಿಂಗರ್ ಥರಾನೇ. ಆದರೆ ಹೆಸರು ಬೇರೆ, ಯಾವ ಪಟ್ಟಿಯಲ್ಲೂ ಇಲ್ಲ. ದುಂಡು ಬಾಬಿನ್, ಉಕ್ಕಿನ ಡಬ್ಬಿಯಲ್ಲಿ ಕೂರಿಸಿ ಎಡಗಡೆಯಿಂದ ಒಳಗೆ ಹಾಕೋದು. ದಾರ ಬಿಗಿ ಮಾಡುವ ತಿರುಪು ಸೂಜಿಯ ಪಕ್ಕದ ಮುಖದ ತಟ್ಟೆಯ ಮೇಲಿದೆ. ಸಿಂಗರ್ ನಂಬರ್ ಪಟ್ಟಿಯಲ್ಲಿ ಹುಡುಕಿದರೆ 1880ರದು ಅಂತ ಬರುತ್ತೆ. ನಂಬಬಹುದಾ?

ಎಣ್ಣೆಡಬ್ಬಿ
ನಂಬಬೇಡಿ ಅಣ್ಣ. ನೀವು ಹೇಳಿದ್ದು ಸಿಂಗರ್ 15ರ ನಕಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್‌ನಲ್ಲಿ ಇದನ್ನು ಹತ್ತಾರು ಕಾರ್ಖಾನೆಗಳು ಮಾಡಿದವು. ತಂದವರು ತಮಗೆ ಬೇಕಾದ ಹೆಸರು ಬರೆಸಿಕೊಂಡರು. ಹಾಗಾಗಿ ಮೇಲಿನ ಹೆಸರಿಗೆ ಅರ್ಥ ಕಡಿಮೆ. ಅದರ ನಂಬರನ್ನು ಸಿಂಗರ್ ಪಟ್ಟಿಯಲ್ಲಿ ಹುಡುಕೋದು ಅಂದರೆ ಪಕ್ಕದ ಮನೆಯವರ ಜಾತಕದಲ್ಲಿ ನಮ್ಮ ಭವಿಷ್ಯ ನೋಡಿದ ಹಾಗೆ.

ಮಷಿನನ್ನು ಹಿಂದಕ್ಕೆ ಮಗುಚಿ ತಳದ ಅಡಿಯಲ್ಲಿ ನೋಡಿ. ಎರಕದಲ್ಲೇ ಉಬ್ಬಿರುವ ಜೆಎ ಅಥವಾ ಜೆಸಿ ಅಂತ ಶುರುವಾಗುವ ಗುರುತು ಇದ್ದರೆ ಜಪಾನಿನದು. ಎಲ್ಲಾದರೂ 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಇನ್ನೂ ಒಳ್ಳೇದು. ಯುದ್ಧ ಮುಗಿದ ಮೇಲೆ ಜಪಾನನ್ನು ಗೆದ್ದವರು ಅಲ್ಲಿ ನಡೆಸಿದ ಆಡಳಿತ 1952ರಲ್ಲಿ ಮುಗಿಯಿತು, ಹಾಗಾಗಿ ಮಷಿನ್ ಅದಕ್ಕಿಂತ ಮುಂಚಿನದು.

ಗುಂಡುಸೂಜಿ
ಜೆಎ ಅಂತ ಇದೆ! 1880 ಹೋಗಿ 1950 ಆಯ್ತು. ಮನೆಯಲ್ಲಿ ಹೇಳೋಕೆ ಧೈರ್ಯ ಇಲ್ಲ.

ನೂಲೆಳೆ
ಒರೆಸಿ ಒರೆಸಿ ಕೈ ಕಪ್ಪಾಯ್ತು. ನಂಬರ್ ಸಿಕ್ಕಿತು, ಸರ್ ಹೇಳಿದ ಜಾಗದಲ್ಲೇ. ಒಂದು ಅಕ್ಷರ, ಆಮೇಲೆ ಏಳು ಅಂಕಿ. ಅಕ್ಷರ ಮಾತ್ರ ಸಂಶಯ. ವಿ ಥರಾನೂ ಇದೆ, ವೈ ಥರಾನೂ ಇದೆ.

ಶಟಲ್ ಒತ್ತಿದ ತಕ್ಷಣ ಟಕ್ ಅಂತ ಮೇಲೆ ಬಂತು, ಬೆಚ್ಚಿಬಿದ್ದೆ. ಬಾಬಿನ್ ಸುತ್ತುವುದು ಮೇಲ್ಗಡೆ, ಚಕ್ರದ ಪಕ್ಕ ಇದೆ.

ಎಣ್ಣೆಡಬ್ಬಿ
ಸರಿ, ಹಾಗಿದ್ದರೆ 127. ಮಾದರಿಯ ವಿಷಯದಲ್ಲಿ ಸಂಶಯ ಮುಗೀತು.

ಈಗ ಅಕ್ಷರ. ಸಿಂಗರ್ 1900ರ ತನಕ ಬರೀ ಅಂಕಿ ಹಾಕುತ್ತಿತ್ತು. ಆಮೇಲೆ ಒಂದು ಅಕ್ಷರ ಮತ್ತು ಅಂಕಿ. ನಿಮ್ಮದರಲ್ಲಿ ಅಕ್ಷರ ಇದೆ ಅನ್ನೋದರಿಂದಲೇ ನೂರೈವತ್ತು ವರ್ಷದ ಮಾತು ಬಿದ್ದುಹೋಯ್ತು. ವೈ ಸರಣಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1921ರಿಂದ 1935ರ ಸುಮಾರಿನ ತನಕ. ಅದಾದ ಮೇಲೆ ಅಲ್ಲಿ ಎರಡಕ್ಷರದ ನಂಬರ್ ಬಂತು, ಇ ಅಕ್ಷರದಿಂದ ಶುರುವಾಗುವಂಥದ್ದು. ವಿ ಆದರೆ 1921ಕ್ಕಿಂತ ಹಿಂದಿನದು. ಹಾಗಾಗಿ ಈ ಒಂದು ಅಕ್ಷರಕ್ಕೆ ಬೆಲೆ ಜಾಸ್ತಿ.

ತೆಳು ಕಾಗದ ಅದರ ಮೇಲಿಟ್ಟು ಸೀಸದ ಕಡ್ಡಿಯನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿ. ಅಕ್ಷರದ ಕೆಳಭಾಗ ನೋಡಿ. ಎರಡು ಗೆರೆ ಸೇರಿ ಮೊನಚಾಗಿ ನಿಂತರೆ ವಿ. ಸೇರಿದ ಮೇಲೆ ಒಂದು ಬಾಲ ಕೆಳಗಿಳಿದರೆ ವೈ. ಬಾಲದ ಸಂದಿಯಲ್ಲೇ ಪೇಂಟ್ ತುಂಬಿಕೊಳ್ಳೋದು ಜಾಸ್ತಿ, ಅದಕ್ಕೇ ವೈಯನ್ನು ವಿ ಅಂತ ಓದುವವರು ಬಹಳ.

ಕತ್ತರಿ
ನಂಬರಿನಿಂದ ಸಿಗುವ ವರ್ಷವನ್ನೂ ಕಲ್ಲಲ್ಲಿ ಕೆತ್ತಿದ ಹಾಗೆ ಹೇಳಬೇಡಿ. ಪಟ್ಟಿಯಲ್ಲಿರುವ ತಾರೀಕು, ಆ ನಂಬರುಗಳ ಕಂತೆಯನ್ನು ಕಾರ್ಖಾನೆಗೆ ಕೊಟ್ಟ ದಿನ. ಮಷಿನ್ ತಯಾರಾಗಿದ್ದು ಆಮೇಲೆ. ಮಾರಾಟ ಆಗಿದ್ದು ಇನ್ನೂ ಆಮೇಲೆ.

ಎಣ್ಣೆಡಬ್ಬಿ
ಕತ್ತರಿ ಹೇಳಿದ್ದು ನಿಜ. ಪಟ್ಟಿ ಹೇಳೋದು "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ. ತಟ್ಟೆಯ ಮೇಲೆ ಕೆಲವು ಮಷಿನ್‌ಗಳಲ್ಲಿ ಪೇಟೆಂಟ್ ತಾರೀಕು ಇರುತ್ತೆ, ಅದಕ್ಕೂ ಇದೇ ಮಾತು.

ಶಟಲ್ ಸುಬ್ಬು
ನಮ್ಮ ದೊಡ್ಡಮ್ಮನ ಮನೆ ಮಷಿನ್ ಬಿಲ್ಲೆಯ ಮೇಲೆ 1851 ಅಂತಲೇ ಇದೆ. ಅದಕ್ಕೇನು ಹೇಳ್ತೀರಿ?

ಎಣ್ಣೆಡಬ್ಬಿ
ಪಕ್ಕದಲ್ಲಿ 1951 ಅಂತಲೂ ಇರಬೇಕು, ಸರಿಯಾಗಿ ನೋಡಿ. ಕಂಪನಿಗೆ ನೂರು ವರ್ಷ ತುಂಬಿದ್ದಕ್ಕೆ ಹಾಕಿದ ಬಿಲ್ಲೆ ಅದು. ಮಷಿನ್ 1951ರ ಆಸುಪಾಸಿನದು.

ಶಟಲ್ ಸುಬ್ಬು
...ಇದೆ. ಸಣ್ಣದಾಗಿ. ದೊಡ್ಡಮ್ಮನಿಗೆ ಹೇಳೋದಿಲ್ಲ.

ನೂಲೆಳೆ
ಉಜ್ಜಿದೆ. ಬಾಲ ಇದೆ! ಸಣ್ಣದು, ಆದರೆ ಸ್ಪಷ್ಟ. ವೈ.

ಹಾಗಾದರೆ ಈಗ ಚಕ್ರಕ್ಕೆ ಬನ್ನಿ. ಅಮ್ಮ ಪೆಡಲ್ ಅನ್ನೋದು ತಲೆ ಕೊರೀತಾ ಇದೆ.

ಎಣ್ಣೆಡಬ್ಬಿ
ಬಿಚ್ಚದೆ ನೋಡೋದು ಮೊದಲು. ಚಕ್ರದ ನಡುವಿನ ಹೊಳೆಯುವ ಗುಂಡಿಯ ಬಣ್ಣವನ್ನೂ ಸೂಜಿ ಪಕ್ಕದ ಮುಖದ ತಟ್ಟೆಯ ಬಣ್ಣವನ್ನೂ ಒಂದೇ ಬೆಳಕಲ್ಲಿ ಹೋಲಿಸಿ. ನಿಕಲ್ ಲೇಪ ಸ್ವಲ್ಪ ಹಳದಿ ಛಾಯೆ. ಕ್ರೋಮ್ ನೀಲಿ ಛಾಯೆ, ಕನ್ನಡಿಯ ಹಾಗೆ. ಆಮೇಲೆ ಚಿನ್ನದ ಗೆರೆ: ಮೈ ಮೇಲೆ ಗೆರೆ ಇದ್ದು ಚಕ್ರದ ಅಂಚಿನಲ್ಲಿ ಒಂದೂ ಇಲ್ಲದಿದ್ದರೆ ಸಂಶಯ ಪಡಿ. ಬಾಬಿನ್ ಸುತ್ತುವ ಸಾಧನವನ್ನು ಒತ್ತಿ ನೋಡಿ. ಅದರ ರಬ್ಬರ್ ಉಂಗುರ ಚಕ್ರಕ್ಕೆ ಸಮನಾಗಿ ತಾಗಬೇಕು. ಅಂಚಿನಲ್ಲಿ ಜಾರುತ್ತಿದ್ದರೆ ಚಕ್ರ ಬೇರೆ ಮಷಿನಿನದು ಅನ್ನೋದಕ್ಕೆ ಒಳ್ಳೇ ಸುಳಿವು.

ಬಿಚ್ಚುವುದಾದರೆ ಹೀಗೆ. ನಡುವಿನ ಗುಂಡಿಯ ಮೇಲೆ ಒಂದು ಪುಟ್ಟ ತಿರುಪು ಇದೆ, ಅದನ್ನು ಮೊದಲು ಸಡಿಲಿಸಿ. ಆಮೇಲೆ ಗುಂಡಿಯನ್ನು ತಿರುಗಿಸಿದರೆ ಕಳಚುತ್ತೆ. ಅದರ ಹಿಂದೆ ಮೂರು ಕಿವಿಯ ಒಂದು ವಾಷರ್. ಅದು ಯಾವ ಕಡೆ ಮುಖ ಮಾಡಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಇದನ್ನು ಮರೆತರೆ ಆಮೇಲೆ ನನ್ನನ್ನು ಬೈಯ್ತೀರಿ. ಹ್ಯಾಂಡಲನ್ನೂ ಕಂಬದಿಂದ ಬಿಚ್ಚಿ, ಅದರ ಅಡಿಯಲ್ಲಿ ಪೇಂಟ್ ಹೇಗಿದೆ ನೋಡಿ.

ನೂಲೆಳೆ
ಬಿಚ್ಚಿದೆ. ಉದ್ದ ಬರೀತೀನಿ, ಬೇಸರ ಮಾಡ್ಕೋಬೇಡಿ.

ಮುಖದ ತಟ್ಟೆ ಹಳದಿ ಛಾಯೆ. ಚಕ್ರದ ಗುಂಡಿ ನೀಲಿ, ಮುಖ ನೋಡ್ಕೋಬಹುದು. ಮೈ ಮೇಲೆ ತಳದ ಸುತ್ತ ಚಿನ್ನದ ಗೆರೆ ಸವೆದಿದ್ದರೂ ಇದೆ, ಚಕ್ರದಲ್ಲಿ ಇಲ್ಲವೇ ಇಲ್ಲ. ಬಾಬಿನ್ ಉಂಗುರ ಅಂಚಿನಲ್ಲಿ ಜಾರುತ್ತೆ. ನಾನು ಇಷ್ಟು ದಿನ ರಬ್ಬರ್ ಹಾಳಾಗಿದೆ ಅಂದುಕೊಂಡಿದ್ದೆ.

ಚಕ್ರ ಹೊರಬಂದ ಮೇಲೆ ಒಂದು ಕಡ್ಡಿಯ ಬುಡದಲ್ಲಿ ಕಪ್ಪು ಪೇಂಟ್ ಎದ್ದಿತ್ತು. ಉಗುರಲ್ಲಿ ಕೆರೆದರೆ ಕೆಳಗೆ ಹಸಿರು! ತಿಳಿ ಹಸಿರು. ಮಷಿನ್ ಮೈಯಲ್ಲಿ ಎಲ್ಲಿ ಕೆರೆದರೂ ಹಸಿರಿಲ್ಲ.

ಹ್ಯಾಂಡಲಿನ ಅಡಿ. ಅಲ್ಲಿ ಪೇಂಟ್ ಹೊಸದರ ಹಾಗೆ ಇರುತ್ತೆ ಅಂದುಕೊಂಡಿದ್ದೆ. ಆದರೆ ಅಲ್ಲಿ ಒಣಗಿದ ಎಣ್ಣೆಯ ಕಂದು ಪದರ ಇದೆ. ಅದರೊಳಗೆ ನೂಲಿನ ಚೂರುಗಳು ಅಂಟಿಕೊಂಡಿವೆ, ಒಂದು ಕೆಂಪು, ಒಂದೆರಡು ಬಿಳಿ. ಹ್ಯಾಂಡಲ್ ಬೋಲ್ಟಿನ ಸೀಳು ಜಗಿದ ಹಾಗೆ ಆಗಿದೆ.

ಎಣ್ಣೆಡಬ್ಬಿ
ಕೆಂಪು ನೂಲು ಸಿಕ್ಕಿತಲ್ಲ, ಅದು ಒಳ್ಳೇ ಸಾಕ್ಷಿ. ಕಾರ್ಖಾನೆಯಲ್ಲೇ ಹ್ಯಾಂಡಲ್ ಹಾಕಿದ್ದರೆ ಅದರ ಅಡಿಯ ಪೇಂಟ್ ಗಾಳಿ, ಧೂಳು ನೋಡದೆ ಕೂತಿರುತ್ತೆ. ನಿಮ್ಮದರಲ್ಲಿ ಎಣ್ಣೆ ಒಣಗಿ ವಾರ್ನಿಷ್ ಆಗಿದೆ, ಅದರಲ್ಲಿ ನೂಲು ಸಿಕ್ಕಿದೆ. ಅಂದರೆ ಆ ಜಾಗ ಬಹಳ ವರ್ಷ ತೆರೆದಿತ್ತು, ಪಕ್ಕದಲ್ಲಿ ಹೊಲಿಗೆ ನಡೀತಿತ್ತು. ಆಮೇಲೆ ಯಾರೋ ಹ್ಯಾಂಡಲ್ ತಂದು ಹಾಕಿದರು. ಅದಕ್ಕೆ ಕಡ್ಡಿ ಚಕ್ರ ಬೇಕಾಗಿತ್ತು, ಒಂದು ಹಸಿರು ಮಷಿನ್‌ನಿಂದ ತಂದು ಕಪ್ಪು ಬಳಿದರು. ಅಮ್ಮ ಹೇಳಿದ್ದು ಸರಿ ಅಂತ ನನಗನ್ನಿಸುತ್ತೆ. ಪೂರಾ ಅಳತೆಯ 127 ಪೆಡಲ್ ಸ್ಟ್ಯಾಂಡಿನ ಮೇಲೆ ಕೂರುತ್ತಿದ್ದದ್ದು ಸಾಮಾನ್ಯ.

ಶಟಲ್ ಸುಬ್ಬು
ಚಕ್ರದಲ್ಲಿ ಬೆಲ್ಟಿನ ಕಾಲುವೆ ಇದೆಯಲ್ಲ, ಅಲ್ಲಿ ಚರ್ಮದ ಬೆಲ್ಟ್ ಉಜ್ಜಿದ ಹೊಳಪು ಇದ್ದರೆ ಪೆಡಲ್ ಅಂತ ಖಾತ್ರಿ ಆಗುತ್ತೆ ಅಲ್ವಾ?

ಕತ್ತರಿ
ಯಾವ ಚಕ್ರದಲ್ಲಿ ಸುಬ್ಬು? ಚಕ್ರವೇ ಬೇರೆ ಮಷಿನಿನದು ಅಂತ ಈಗ ತಾನೇ ಗೊತ್ತಾಯ್ತು. ಆ ಹೊಳಪು ಹಸಿರು ಮಷಿನಿನ ಕಥೆ ಹೇಳುತ್ತೆ, ಇದರದ್ದಲ್ಲ.

ಎಣ್ಣೆಡಬ್ಬಿ
ಹಹ್ಹಾ. ಅದೇ. ಯೋಚನೆ ಒಳ್ಳೇದೇ, ಸಾಕ್ಷಿ ತಪ್ಪು ಮನೆಯದು.

ಕತ್ತರಿ
ಹಾಗಂತ ಪೆಡಲ್ ಅಂತಲೂ ನಾನು ಒಪ್ಪಲ್ಲ. ಮೊದಲಿಂದಲೂ ಕೈ ಮಷಿನ್ ಆಗಿದ್ದು, ಹಳೇ ಹ್ಯಾಂಡಲ್ ಮುರಿದು, ಹತ್ತು ವರ್ಷ ಚಕ್ರವನ್ನು ಅಂಗೈಯಲ್ಲೇ ತಿರುಗಿಸುತ್ತಾ ಹೊಲಿದಿರಬಹುದು. ಆಗಲೂ ಎಣ್ಣೆ, ನೂಲು ಹೀಗೇ ಸೇರುತ್ತೆ. ಹ್ಯಾಂಡಲ್ ಆಮೇಲೆ ಬಂತು ಅಂತ ಗೊತ್ತಾಯ್ತು, ಅದಕ್ಕೂ ಮುಂಚೆ ಏನಿತ್ತು ಅಂತ ಮೈ ಹೇಳಿಲ್ಲ.

ಎಣ್ಣೆಡಬ್ಬಿ
ಕಂಬದ ಮೇಲೆ ಹ್ಯಾಂಡಲ್ ಕೂರಲು ಬೋಲ್ಟಿನ ಉಬ್ಬು ಇರೋದನ್ನೂ ಎರಡೂ ಕಡೆ ವಾದ ಮಾಡಬಹುದು, ಒಪ್ಪುತ್ತೀನಿ. ಬಹಳ ಹಳೇ ಪೆಡಲ್ ಹೆಡ್‌ಗಳಲ್ಲಿ ಆ ಉಬ್ಬೇ ಇರಲಿಲ್ಲ, ಅವಕ್ಕೆ ಹ್ಯಾಂಡಲ್ ಹಾಕೋಕೇ ಆಗಲ್ಲ. ನೂಲೆಳೆಯವರ ಕಾಲಕ್ಕೆ ಪೆಡಲ್ ಹೆಡ್‌ನಲ್ಲೂ ಉಬ್ಬು ಬಂದಿತ್ತು, ಮೋಟಾರಿಗೂ ಅದೇ ಜಾಗ.

ಆದರೂ ಅಂಗೈಯಲ್ಲಿ ಹತ್ತು ವರ್ಷ ಯಾರು ಹೊಲೀತಾರೆ ಕತ್ತರಿ? ಹ್ಯಾಂಡಲಿನ ಹಲ್ಲುಗಳಿಂದ ಒಂದು ಸುತ್ತಿಗೆ ಸುಮಾರು ಮೂರು ಹೊಲಿಗೆ ಬೀಳುತ್ತೆ. ಅಂಗೈಯಲ್ಲಿ ಒಂದು ಸುತ್ತಿಗೆ ಒಂದೇ. ಒಂದು ಲಂಗದ ಅಂಚು ಹೊಲಿಯೋ ಹೊತ್ತಿಗೆ ಭುಜ ಬಿದ್ದುಹೋಗುತ್ತೆ.

ಮಿಣುಕು
ಅಂದ ಹಾಗೆ ನನ್ನ ಮಷಿನ್ ಮೋಟಾರ್ ಹಾಕಿದ ಮೇಲೆ ದಾರ ಗಂಟು ಕಟ್ತಾ ಇದೆ. ಅದೂ ಸಿಂಗರ್ ಅಲ್ಲ, ವೈಟ್ ರೋಟರಿ ಅಂತ ಇದೆ. ಚಕ್ರದ ಮೇಲ್ಭಾಗ ನನ್ನ ಕಡೆ ಬರುವ ಹಾಗೆ ಓಡುತ್ತೆ, ಎಲ್ಲಾ ಮಷಿನ್ ಹಾಗೇ ತಾನೇ?

ಎಣ್ಣೆಡಬ್ಬಿ
ಬಹುಪಾಲು ಮಷಿನ್ ಹಾಗೇ, ನಿಮ್ಮದು ಮಾತ್ರ ಅಲ್ಲ! ವೈಟ್ ರೋಟರಿ ಚಕ್ರ ನಮ್ಮಿಂದ ಆಚೆಗೆ ತಿರುಗಬೇಕು. ನೀವು ಇಷ್ಟು ದಿನ ಅದನ್ನು ಹಿಂದಕ್ಕೆ ಓಡಿಸ್ತಾ ಇದ್ದೀರಿ. ಮೋಟಾರ್ ತೆಗೆದು ಕೈಯಲ್ಲಿ ಆಚೆಗೆ ತಿರುಗಿಸಿ ನೋಡಿ.

ಮಿಣುಕು
ಗಂಟು ನಿಂತಿತು. "ಚೆನ್ನಾಗಿ ಓಡ್ತಾ ಇದೆ" ಅಂದಿದ್ದನ್ನು ವಾಪಸ್ ತಗೊಂಡೆ.

ನೂಲೆಳೆ
ಇಲ್ಲಿ ಒಂದು ತೊಂದರೆ. ಎಲ್ಲಾ ಮತ್ತೆ ಜೋಡಿಸಿದೆ. ಆದರೆ ನಡುವಿನ ಗುಂಡಿ ಸಡಿಲಿಸಿದರೂ ಸೂಜಿ ನಿಲ್ಲಲ್ಲ, ಚಕ್ರದ ಜೊತೆ ಕುಣೀತಾನೇ ಇರುತ್ತೆ. ಬಾಬಿನ್ ಸುತ್ತೋಕೆ ಆಗ್ತಿಲ್ಲ. ಫೋಟೋ ತೆಗೆಯೋದು ಮರೆತಿದ್ದೆ.

ಎಣ್ಣೆಡಬ್ಬಿ
ಹೇಳಿರಲಿಲ್ವಾ! ಪರವಾಗಿಲ್ಲ. ಆ ಮೂರು ಕಿವಿಯ ವಾಷರನ್ನು ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ. ಒಳಗಿನ ಎರಡು ಚಿಕ್ಕ ನಾಲಿಗೆಗಳು ಹೊರಗೆ, ನಿಮ್ಮ ಕಡೆಗೆ ಬಾಗಿರಬೇಕು.

ನೂಲೆಳೆ
ಈಗ ಸರಿಹೋಯ್ತು. ಸೂಜಿ ನಿಂತಿತು, ಬಾಬಿನ್ ಸುತ್ತಿತು. ಉಂಗುರ ಜಾರುತ್ತೆ ಅಂತ ಅದರ ಮೇಲೆ ತೆಳ್ಳಗೆ ಇನ್ನೊಂದು ರಬ್ಬರ್ ಸುತ್ತಿದ್ದೀನಿ.

ಅಮ್ಮನಿಗೆ ಆ ಕೆಂಪು ನೂಲು ತೋರಿಸಿದೆ. ಸ್ಟ್ಯಾಂಡ್ ಎಲ್ಲಿ ಹೋಯ್ತು ಅಂತ ಕೇಳಿದರೆ, "ಗೊತ್ತಿಲ್ಲ, ತುಳಿಯೋ ಹಲಗೆಯಲ್ಲಿ ಕಬ್ಬಿಣದ ಬಳ್ಳಿ ಇತ್ತು, ನಾನು ಅದರ ಮೇಲೆ ಕೂತು ತೂಗ್ತಿದ್ದೆ" ಅಂದಳು. ಕತ್ತರಿ ಅವರೇ, ಇದು ಸಾಕ್ಷಿ ಆಗುತ್ತಾ?

ಕತ್ತರಿ
ಬೇರೆ ಮಷಿನಿನ ಸ್ಟ್ಯಾಂಡ್ ಕೂಡ ಆಗಿರಬಹುದು. ಆದರೆ ಅಮ್ಮನ ಜೊತೆ ವಾದ ಮಾಡೋಕೆ ನಾನು ಬರಲ್ಲ.